ನಿಂತ ನೀರಿನಲ್ಲಿ ಬಿಸಿ ಗುಂಡು

ಐದು ಸೆಂಟಿಮೀಟರ್ ವ್ಯಾಸದ ಗಟ್ಟಿ ತಾಮ್ರದ ಗುಂಡೊಂದನ್ನು 50 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 30 ಡಿಗ್ರಿಯ ನೀರು ತುಂಬಿದ ದೊಡ್ಡ ತೊಟ್ಟಿಯಲ್ಲಿ ದಾರ ಕಟ್ಟಿ ಇಳಿಬಿಡೋಣ. ನೀರನ್ನು ಯಾರೂ ಕಲಕುತ್ತಿಲ್ಲ, ಪಂಪೂ ಇಲ್ಲ. ಹಾಗಾದರೆ ಗುಂಡು ಯಾವ ವೇಗದಲ್ಲಿ ಶಾಖ ಕಳೆದುಕೊಳ್ಳುತ್ತದೆ? ಥರ್ಮಾಮೀಟರ್ ಮುಟ್ಟುವ ಮೊದಲೇ ಇದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು.

ನೀರು ಒಂದಿಷ್ಟೂ ಕದಲದೆ ನಿಂತಿದೆ ಎಂದು ಮೊದಲು ಭಾವಿಸೋಣ. ಆಗ ಶಾಖ ಪದರದಿಂದ ಪದರಕ್ಕೆ ವಹನದಿಂದ ಮಾತ್ರ ಸಾಗಬೇಕು. ನೀರು ಶಾಖವನ್ನು ಅಷ್ಟೇನೂ ಚೆನ್ನಾಗಿ ಒಯ್ಯುವುದಿಲ್ಲ. ಈ ವಹನ ಒಂದು ಸ್ಥಿರ ಗತಿಗೆ ಬಂದ ಮೇಲೆ ನಮ್ಮ ಗುಂಡಿನಿಂದ ಹೊರಬೀಳುವುದು ಸುಮಾರು 4 ವ್ಯಾಟ್, ಅಂದರೆ ಸೆಕೆಂಡಿಗೆ 4 ಜೌಲ್ ಶಾಖ ಮಾತ್ರ.

ಆದರೆ ನೀರು ಹಾಗೆ ನಿಲ್ಲುವುದಿಲ್ಲ. ಗುಂಡಿಗೆ ತಾಗಿದ ನೀರು ಬಿಸಿಯಾಗಿ ಹಿಗ್ಗುತ್ತದೆ, ಹಿಗ್ಗಿದ್ದರಿಂದ ಸುತ್ತಲಿನ ನೀರಿಗಿಂತ ಹಗುರವಾಗುತ್ತದೆ. ಹಗುರಾದದ್ದನ್ನು ಭಾರದ ನೀರು ಮೇಲಕ್ಕೆ ತಳ್ಳುತ್ತದೆ. ಗುಂಡಿನ ತಳದಿಂದ ಹೊರಟ ತೆಳುವಾದ ಬಿಸಿನೀರಿನ ಪೊರೆ ಮೈಗುಂಟ ಏರಿ, ನೆತ್ತಿಯ ಬಳಿ ಎಲ್ಲ ಕಡೆಯಿಂದ ಕೂಡಿಕೊಂಡು, ಸಣ್ಣ ಕಂಬದಂತೆ ಮೇಲೇಳುತ್ತದೆ. ಅದು ಬಿಟ್ಟ ಜಾಗಕ್ಕೆ ತಣ್ಣನೆಯ ನೀರು ಬರುತ್ತದೆ. ಇದೇ ಸಹಜ ಸಂವಹನ. ಇಲ್ಲಿ ನೀರನ್ನು ಓಡಿಸುವುದೂ ಶಾಖವೇ, ಆ ನೀರಿನ ಮೇಲೆ ಸಾಗಿಹೋಗುವುದೂ ಶಾಖವೇ. ಲೆಕ್ಕ ತುಸು ಗಂಟಾಗುವುದು ಇದರಿಂದಲೇ.

ಗಂಟು ಬಿಡಿಸಲು ಎಂಜಿನಿಯರುಗಳು ಮೊದಲು ಒಂದು ಹಗ್ಗಜಗ್ಗಾಟವನ್ನು ಅಳೆಯುತ್ತಾರೆ. ಒಂದು ಕಡೆ ನೀರನ್ನು ಮೇಲೆತ್ತುವ ಬಲ. ಇನ್ನೊಂದು ಕಡೆ ಅದನ್ನು ತಡೆಯುವ ಸ್ನಿಗ್ಧತೆ ಮತ್ತು ಬಿಸಿ ತಣ್ಣಗಿನ ವ್ಯತ್ಯಾಸವನ್ನೇ ಅಳಿಸಿಹಾಕುವ ಶಾಖ ಹರಡಿಕೆ. ಇವೆರಡರ ಅನುಪಾತಕ್ಕೆ ರೇಲೀ ಸಂಖ್ಯೆ ಎಂದು ಹೆಸರು.

```
Ra = g β ΔT D³ / (ν α)
```

ಇಲ್ಲಿ g ಗುರುತ್ವ, ΔT ಗುಂಡಿನ ಮೈಗೂ ದೂರದ ನೀರಿಗೂ ಇರುವ ತಾಪದ ವ್ಯತ್ಯಾಸ, D ವ್ಯಾಸ. ಒಂದು ಡಿಗ್ರಿ ಏರಿದರೆ ನೀರಿನ ಗಾತ್ರ ಎಷ್ಟು ಪಾಲು ಹಿಗ್ಗುತ್ತದೆ ಎಂಬುದು β. ν ಎಂದರೆ ಸಾಂದ್ರತೆಯಿಂದ ಭಾಗಿಸಿದ ಸ್ನಿಗ್ಧತೆ, α ಎಂದರೆ ನೀರಿನಲ್ಲಿ ತಾಪ ಹರಡುವ ವೇಗ. ನೀರಿನ ಈ ಗುಣಗಳನ್ನು ಗುಂಡಿನ ತಾಪಕ್ಕಾಗಲೀ ತೊಟ್ಟಿಯ ತಾಪಕ್ಕಾಗಲೀ ಅಲ್ಲ, ಎರಡರ ನಡುವಿನ ಸರಾಸರಿಗೆ, ಇಲ್ಲಿ 40 ಡಿಗ್ರಿಗೆ, ಕೋಷ್ಟಕದಿಂದ ತೆಗೆದುಕೊಳ್ಳಬೇಕು. ಆಗ β 0.000385, ν 0.658×10⁻⁶, α 0.152×10⁻⁶. ಎಲ್ಲವನ್ನೂ ಹಾಕಿದರೆ ರೇಲೀ ಸಂಖ್ಯೆ ಸುಮಾರು 9.4 ಕೋಟಿ ಬರುತ್ತದೆ. ಮೇಲೆತ್ತುವ ಬಲದ್ದೇ ಮೇಲುಗೈ ಎಂದು ಅರ್ಥ.

ಮುಂದಿನ ಹೆಜ್ಜೆಗೆ ಅಮೆರಿಕದ ರಾಸಾಯನಿಕ ಎಂಜಿನಿಯರ್ ಸ್ಟುವರ್ಟ್ ಚರ್ಚಿಲ್ ಕೊಟ್ಟ ಸೂತ್ರ ಬೇಕು.

```
Nu = 2 + 0.589 Ra^(1/4) / [1 + (0.469/Pr)^(9/16)]^(4/9)
```

ಎಡಗಡೆಯ Nu ಎಂಬುದು ನುಸೆಲ್ಟ್ ಸಂಖ್ಯೆ. ಶಾಖ ಎಷ್ಟು ಸಲೀಸಾಗಿ ಮೈ ಬಿಟ್ಟು ಹೋಗುತ್ತದೆ ಎಂಬುದರ ಅಳತೆ ಅದು. ಬಲಗಡೆಯ 2 ನಾವು ಮೊದಲು ಕಂಡ ನಿಶ್ಚಲ ನೀರಿನ ವಹನ. ಗೋಳಕ್ಕೆ ಅದು ಸರಿಯಾಗಿ 2 ಎಂದು ಗಣಿತದಿಂದಲೇ ಸಿದ್ಧವಾಗುತ್ತದೆ. ಉಳಿದ ಭಾಗವೆಲ್ಲ ನೀರಿನ ಏರುಹರಿವು ಸೇರಿಸಿದ್ದು. Pr ಎಂದರೆ ಪ್ರಾಂಟ್ಲ್ ಸಂಖ್ಯೆ, ಅಂದರೆ ν ಮತ್ತು α ಗಳ ಅನುಪಾತ. ನಮ್ಮ ನೀರಿಗೆ ಅದು 4.34.

ಲೆಕ್ಕ ಮಾಡಿದರೆ Nu 54ರ ಹತ್ತಿರ ಬರುತ್ತದೆ. ಇದನ್ನು ನೀರಿನ ಶಾಖವಾಹಕತೆಯಾದ 0.631ರಿಂದ ಗುಣಿಸಿ, ವ್ಯಾಸದಿಂದ ಭಾಗಿಸಿದರೆ, ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 680 ವ್ಯಾಟ್. ಗುಂಡಿನ ಮೈ 0.00785 ಚದರ ಮೀಟರ್, ತಾಪದ ವ್ಯತ್ಯಾಸ 20 ಡಿಗ್ರಿ. ಮೂರನ್ನೂ ಗುಣಿಸಿದರೆ 107 ವ್ಯಾಟ್. ನಿಶ್ಚಲ ನೀರು 4 ವ್ಯಾಟ್ ಒಯ್ಯುವ ಕಡೆ ತಾನಾಗಿ ಎದ್ದ ಹರಿವು 107 ವ್ಯಾಟ್ ಒಯ್ಯುತ್ತದೆ. ಇದೇ ಗುಂಡು ಇದೇ ತಾಪದ ಗಾಳಿಯಲ್ಲಿ ತೂಗಿದರೆ ಸಂವಹನದಿಂದ ಕಳೆದುಕೊಳ್ಳುವುದು ಬರೀ ಒಂದು ವ್ಯಾಟ್‌ನಷ್ಟು.

ಈ 107 ಸರಿಯೇ ಎಂದು ತಿಳಿಯಲು ಗುಂಡನ್ನೇ ಕೇಳಬಹುದು. ಗುಂಡಿನ ನಡುವಿಗೆ ಸಣ್ಣ ರಂಧ್ರ ಕೊರೆದು ಥರ್ಮೋಕಪಲ್ ಕೂರಿಸಬೇಕು. ತಾಮ್ರದಲ್ಲಿ ಶಾಖ ಎಷ್ಟು ಬೇಗ ಓಡುತ್ತದೆಂದರೆ ಒಳಗೂ ಹೊರಗೂ ತಾಪ ಹೆಚ್ಚುಕಡಿಮೆ ಒಂದೇ ಇರುತ್ತದೆ. ಸುಮಾರು 585 ಗ್ರಾಂ ತೂಗುವ ಈ ಗುಂಡು ಒಂದು ಡಿಗ್ರಿ ತಣಿಯಲು 225 ಜೌಲ್ ಬಿಡಬೇಕು. ಹಾಗಾಗಿ ಮೊದಲಲ್ಲಿ ಅದು ಸೆಕೆಂಡಿಗೆ ಅರ್ಧ ಡಿಗ್ರಿಯ ಹತ್ತಿರ ಇಳಿಯಬೇಕು. 40 ಡಿಗ್ರಿಗೆ ಬರಲು ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಸಾಕು.

ಆಮೇಲಿನ ಇಳಿತ ಇನ್ನೂ ಹೆಚ್ಚು ಹೇಳುತ್ತದೆ. ಶಾಲೆಯಲ್ಲಿ ಕಲಿತ ನ್ಯೂಟನ್ನನ ತಣಿಯುವ ನಿಯಮದಲ್ಲಿ ಶಾಖನಷ್ಟ ತಾಪವ್ಯತ್ಯಾಸಕ್ಕೆ ನೇರ ಅನುಪಾತದಲ್ಲಿದೆ. ಇಲ್ಲಿ ಹಾಗಲ್ಲ. ವ್ಯತ್ಯಾಸ ಕುಗ್ಗಿದಂತೆ ಹರಿವೂ ಸೊರಗುತ್ತದೆ. ನಷ್ಟ ವ್ಯತ್ಯಾಸದ 5/4ನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ವ್ಯತ್ಯಾಸ 20ರಿಂದ 2.5 ಡಿಗ್ರಿಗೆ ಬರಲು ನ್ಯೂಟನ್ನನ ಲೆಕ್ಕದಲ್ಲಿ 88 ಸೆಕೆಂಡ್, 5/4ರ ಲೆಕ್ಕದಲ್ಲಿ 115 ಸೆಕೆಂಡ್. ಅಳತೆಯ ಗೆರೆ ಕೊನೆಯಲ್ಲಿ ಹೀಗೆ ನಿಧಾನಿಸಿದರೆ ನಡೆದದ್ದು ಸಹಜ ಸಂವಹನವೇ ಎಂದು ನಂಬಬಹುದು. ಅದಕ್ಕಿಂತ ಬೇಗ ತಣಿದರೆ ನೀರು ಕಲಕಿದೆ ಎಂಬ ಅನುಮಾನ ಬರಬೇಕು. ನಮ್ಮ ಗುಂಡಿನ ಸುತ್ತ ಸೆಕೆಂಡಿಗೆ ಆರೇಳು ಸೆಂಟಿಮೀಟರಿನ ಹೊರಗಿನ ಹರಿವು ಇದ್ದರೂ ಸಾಕು, ಅದು ತೇಲುಬಲಕ್ಕೆ ಸರಿಸಾಟಿಯಾಗುತ್ತದೆ. ಗುಂಡನ್ನು ದೊಪ್ಪನೆ ಬಿಡದೆ ಮೆಲ್ಲಗೆ ಇಳಿಸಬೇಕಾದದ್ದು ಅದಕ್ಕೇ.

ಎಲ್ಲವೂ ಸರಿಯಿದ್ದರೂ ಶೇಕಡ 10ರಿಂದ 20ರಷ್ಟು ಆಚೀಚೆ ಆಗುವುದನ್ನು ಒಪ್ಪಿಕೊಳ್ಳಬೇಕು. ಇಂಥ ಸೂತ್ರಗಳ ನಿಖರತೆ ಅಷ್ಟೇ. ನೀರಿನ ಗುಣಗಳನ್ನು 40ರ ಬದಲು 30 ಡಿಗ್ರಿಗೆ ತೆಗೆದುಕೊಂಡರೆ ಉತ್ತರ 107ರಿಂದ ಸುಮಾರು 95 ವ್ಯಾಟ್‌ಗೆ ಇಳಿದುಬಿಡುತ್ತದೆ. ಗುಂಡಿನೊಳಗೆ ಹೀಟರ್ ಇಟ್ಟು ಸದಾ 107 ವ್ಯಾಟ್ ಕೊಡುವುದಾದರೆ ಪಾತ್ರೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಹತ್ತು ಲೀಟರ್ ಬಕೆಟ್ಟಿನ ನೀರು ಆರೂವರೆ ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ, ಅದೂ ಬಿಸಿಯೆಲ್ಲ ಮೇಲ್ಪದರದಲ್ಲಿ ಕೂತು. ಆಗ 'ದೂರದ ನೀರಿನ ತಾಪ' ಎಂಬುದಕ್ಕೆ ಒಂದೇ ಬೆಲೆ ಉಳಿಯುವುದಿಲ್ಲ.

ಸೂತ್ರ ಪೂರ್ತಿ ಸೋಲುವ ಜಾಗ ಒಂದಿದೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಅಲ್ಲಿ β ಸೊನ್ನೆ. 0 ಡಿಗ್ರಿಯ ನೀರಿನಲ್ಲಿ 8 ಡಿಗ್ರಿಯ ಗುಂಡು ಇಟ್ಟರೆ ಸರಾಸರಿ 4 ಬರುತ್ತದೆ, ರೇಲೀ ಸಂಖ್ಯೆ ಸೊನ್ನೆಯಾಗುತ್ತದೆ, ನೀರು ಅಲ್ಲಾಡುವುದೇ ಇಲ್ಲ ಎಂದು ಸೂತ್ರ ಹೇಳುತ್ತದೆ. ಅದು ತಪ್ಪು. 8 ಡಿಗ್ರಿಯ ನೀರಿಗೂ 0 ಡಿಗ್ರಿಯ ನೀರಿಗೂ ಸಾಂದ್ರತೆ ಹೆಚ್ಚುಕಡಿಮೆ ಒಂದೇ, ಆದರೆ ಅವೆರಡರ ನಡುವೆ ಉಳಿದ 4 ಡಿಗ್ರಿಯ ಪದರ ಎರಡಕ್ಕಿಂತಲೂ ಭಾರ. ಹಾಗಾಗಿ ಬಿಸಿ ಗುಂಡಿನ ಸುತ್ತಲಿನ ನೀರು ಇಲ್ಲಿ ಏರುವ ಬದಲು ಇಳಿಯುತ್ತದೆ. ಸಾಂದ್ರತೆ ತಾಪದೊಂದಿಗೆ ಒಂದೇ ದಿಕ್ಕಿನಲ್ಲಿ, ಒಂದೇ ಸಮನೆ ಬದಲಾಗುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಸೂತ್ರ ಇದು. ಆದ್ದರಿಂದ ತಣ್ಣೀರಿನ ಲೆಕ್ಕಕ್ಕೆ ಕೈಹಾಕುವವರು ಸೂತ್ರ ತೆರೆಯುವ ಮೊದಲು, ಎರಡು ತಾಪಗಳ ನಡುವೆ 4 ಡಿಗ್ರಿ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು.