ನೋಟ್‌ಬುಕ್ಕೋ ಟ್ಯಾಬೋ? ಒಂದು ಬೀಮ್ ಬಿಡಿಸಿ ನೋಡೋಣ

ತಿಕೋಟಾ, ಬಬಲೇಶ್ವರದಿಂದ ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು ಇಂಜಿನಿಯರಿಂಗ್ ಓದುವ ಮಕ್ಕಳಲ್ಲಿ ಕೆಲವರ ಬ್ಯಾಗಿನಲ್ಲಿ ಈಗ ಲಾಂಗ್‌ಬುಕ್ಕಿನ ಜೊತೆ ಟ್ಯಾಬೂ ಇರುತ್ತದೆ. ನೋಟ್ಸ್ ಯಾವುದರಲ್ಲಿ ಬರೆಯಬೇಕು ಎಂಬುದಕ್ಕೆ ಸಿವಿಲ್, ಮೆಕ್ಯಾನಿಕಲ್ ವಿದ್ಯಾರ್ಥಿಗಳು ಬೀಮಿನ ಒಂದು ಲೆಕ್ಕದಲ್ಲೇ ಉತ್ತರ ಕಂಡುಕೊಳ್ಳಬಹುದು.

ಎರಡೂ ತುದಿಗೆ ಆಧಾರವಿರುವ 6 ಮೀಟರ್ ಬೀಮ್. ಎಡತುದಿಯಿಂದ 2 ಮೀಟರ್ ದೂರದಲ್ಲಿ 30 ಕಿಲೋನ್ಯೂಟನ್ ಭಾರ. ಎಡ ಆಧಾರದ ರಿಯಾಕ್ಷನ್ 20, ಬಲದ್ದು 10. ಕಾಗದದ ಮೇಲೆ ಬರೆಯುವವರು ಮೊದಲು ಹಾಳೆಯನ್ನು ಕಣ್ಣಲ್ಲೇ ಮೂರು ಪಾಲು ಮಾಡಿಕೊಳ್ಳುತ್ತಾರೆ. ಮೇಲೆ ಬೀಮ್, ಅದರ ಕೆಳಗೆ ಶಿಯರ್ ಫೋರ್ಸ್ ಚಿತ್ರ, ಕೊನೆಗೆ ಬೆಂಡಿಂಗ್ ಮೊಮೆಂಟ್ ಚಿತ್ರ. ಆಮೇಲೆ ಭಾರವಿರುವ ಬಿಂದುವಿನಿಂದ ಮೂರೂ ಚಿತ್ರಗಳನ್ನು ಹಾಯುವ ಒಂದು ಚುಕ್ಕೆಗೆರೆಯನ್ನು ನೇರ ಕೆಳಗೆ ಇಳಿಸುತ್ತಾರೆ. ಇಡೀ ಕುಶಲತೆ ಇರುವುದು ಈ ಗೆರೆಯಲ್ಲಿ. ಶಿಯರ್ ಅಲ್ಲಿ +20ರಿಂದ −10ಕ್ಕೆ ಇಳಿದು ಸೊನ್ನೆಯನ್ನು ದಾಟುತ್ತದೆ; ಮೊಮೆಂಟಿನ ಶಿಖರವೂ ಅಲ್ಲೇ ಬರಬೇಕು. ಎಡದಿಂದ 20×2, ಬಲದಿಂದ 10×4, ಎರಡೂ 40. ಶಿಖರ ಗೆರೆಯಿಂದ ಆಚೀಚೆ ಸರಿದಿದ್ದರೆ, ಉತ್ತರ ನೋಡುವ ಮೊದಲೇ ತಪ್ಪು ಕಣ್ಣಿಗೆ ಬೀಳುತ್ತದೆ.

ಟ್ಯಾಬಿನಲ್ಲಿ ಇದೇ ಚಿತ್ರ ಬರೆಯುವಾಗ ಜಾಗ ಸಾಲದಿದ್ದರೆ ಬರೆದದ್ದನ್ನು ಸುತ್ತುಗಟ್ಟಿ ಕೆಳಗೆ ಸರಿಸಬಹುದು. ಹಲವು ಆ್ಯಪ್‌ಗಳಲ್ಲಿ ಗೆರೆಯ ಕೊನೆಗೆ ಪೆನ್ ಎತ್ತದೆ ಒಂದು ಕ್ಷಣ ಹಿಡಿದರೆ ಸೊಟ್ಟ ಗೆರೆ ನೆಟ್ಟಗಾಗುತ್ತದೆ. ಆದರೆ ದೊಡ್ಡದು ಮಾಡಿಕೊಂಡು ಬರೆಯುವ ಚಟ ಇಲ್ಲಿ ಕೆಡಿಸುತ್ತದೆ. ಪ್ರತಿ ಚಿತ್ರವನ್ನೂ ಬೇರೆ ಬೇರೆ ಜೂಮಿನಲ್ಲಿ ಬರೆದರೆ ಅಳತೆ ತಪ್ಪಿ, ಶಿಖರ ಭಾರದ ಕೆಳಗೆ ಕೂಡುವುದೇ ಇಲ್ಲ. ಚೌಕಳಿ ಪುಟ ತೆಗೆದುಕೊಂಡು, ಇಡೀ ಪುಟ ಕಾಣುವಂತೆ ಇಟ್ಟೇ ಬರೆಯಬೇಕು. ರಬ್ಬರ್ ತುದಿಯ ಅಗ್ಗದ ಪೆನ್ ಬೇಡ. ಅದಕ್ಕೂ ನಿಮ್ಮ ಅಂಗೈಗೂ ಇರುವ ವ್ಯತ್ಯಾಸ ಪರದೆಗೆ ತಿಳಿಯುವುದಿಲ್ಲ. ಕೈ ಊರಿದಲ್ಲೆಲ್ಲ ಗೀಟು ಬೀಳುತ್ತದೆ. ಆ ಟ್ಯಾಬಿಗೆಂದೇ ಮಾಡಿದ ಪೆನ್ನನ್ನೇ ಕೊಳ್ಳಿ.

ಟ್ಯಾಬ್ ನಿಜಕ್ಕೂ ಮೆಚ್ಚುಗೆಯಾಗುವುದು ಲೆಕ್ಕ ಮುಗಿದ ಮೇಲೆ. ಪುಟದ ಪ್ರತಿ ತೆಗೆದು ಭಾರವನ್ನು ನಟ್ಟನಡುವಿಗೆ, 3 ಮೀಟರಿಗೆ ಸರಿಸಿ. ರಿಯಾಕ್ಷನ್ ಎರಡೂ 15 ಆಗುತ್ತದೆ, ಶಿಖರ 40ರಿಂದ 45ಕ್ಕೆ ಏರುತ್ತದೆ. ಹೀಗೆ ನಾಲ್ಕಾರು ಪುಟ ಸಾಲಾಗಿ ತಿರುವಿದರೆ, ಭಾರ ನಡುವಿಗೆ ಬಂದಷ್ಟೂ ಬೀಮಿಗೆ ಕಷ್ಟ ಹೆಚ್ಚು ಎಂಬುದು ಸೂತ್ರವಿಲ್ಲದೆ ತಲೆಗೆ ಹತ್ತುತ್ತದೆ. ನೋಟ್‌ಬುಕ್ಕಿನಲ್ಲಿ ಪ್ರತಿ ಸಲವೂ ಮೊದಲಿನಿಂದ ಬರೆಯಬೇಕಾದ್ದರಿಂದ ಯಾರೂ ಅಷ್ಟು ದೂರ ಹೋಗುವುದಿಲ್ಲ.

ಆದರೂ ಮೊದಲ ಸಲದ ಲೆಕ್ಕ ಕಾಗದದ ಮೇಲೇ ಆಗಲಿ ಎನ್ನುತ್ತೇನೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಬರೆದದ್ದನ್ನು ಕೆಳಗೆ ಸರಿಸಲು ಬರುವುದಿಲ್ಲ; ಜಾಗದ ಅಂದಾಜು ಕೈಯಲ್ಲೇ ಇರಬೇಕು. ಪರೀಕ್ಷೆಗೆ ತಿಂಗಳಿರುವಾಗ ಟ್ಯಾಬ್ ಬದಿಗಿಟ್ಟು, ಗೆರೆಯಿಲ್ಲದ ಹಾಳೆಯ ಮೇಲೆ ಗಡಿಯಾರ ನೋಡಿಕೊಂಡು ಈ ಲೆಕ್ಕಗಳನ್ನು ಬಿಡಿಸಿ.