ಶೀರ್ಷಿಕೆಯಲ್ಲಿ ಮೊದಲು ಪ್ರಸಂಗ, ಆಮೇಲೆ ಊರು

ಊರಿನ ಯಕ್ಷಗಾನ ಮುಗಿದ ಮರುದಿನ ಸ್ವಯಂಸೇವಕರು ವಿಡಿಯೊವನ್ನು ಯೂಟ್ಯೂಬಿಗೆ ಏರಿಸುತ್ತಾರೆ. ಅವಸರದಲ್ಲಿ ಶೀರ್ಷಿಕೆ `VID_20241102_213045` ಎಂದೇ ಉಳಿದುಬಿಡುತ್ತದೆ. ಆಮೇಲೆ ಅದನ್ನು ಹುಡುಕುವವರಿಗೆ ಸಿಗುವುದಾದರೂ ಹೇಗೆ?

ಶೀರ್ಷಿಕೆಗೆ ಯೂಟ್ಯೂಬ್ ಕೊಡುವುದು 100 ಅಕ್ಷರಗಳ ಜಾಗ. ಮೊಬೈಲ್ ಪರದೆಯಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ. ಹಾಗಾಗಿ ಜನ ಹುಡುಕುವ ಹೆಸರೇ ಮೊದಲು ಬರಬೇಕು. ‘ನಮ್ಮ ಸಂಘದ ವಾರ್ಷಿಕೋತ್ಸವ ಸಮಾರಂಭ, ಭಾಗ 3’ ಎಂದರೆ ಒಳಗೇನಿದೆ ಎಂದು ತಿಳಿಯದು. ‘ಗದಾಯುದ್ಧ ಯಕ್ಷಗಾನ, ಭಾಗ 3, ಶಿರಸಿ, 2024’ ಎಂದರೆ ಪ್ರಸಂಗ, ಊರು, ವರ್ಷ ಮೂರೂ ಸಿಗುತ್ತವೆ. ಸಂಘದ ಹೆಸರು, ಪ್ರಾಯೋಜಕರು, ಕಲಾವಿದರ ಪೂರ್ಣ ಪಟ್ಟಿಗೆ ವಿವರಣೆಯಲ್ಲಿ ಧಾರಾಳ ಜಾಗವಿದೆ.

ಟ್ಯಾಗ್‌ಗಳ ಮೇಲೆ ಅತಿಯಾದ ನಂಬಿಕೆ ಬೇಡ. ಹುಡುಕಾಟದಲ್ಲಿ ಅವುಗಳ ಪಾತ್ರ ಚಿಕ್ಕದು. ಕಾಗುಣಿತ ಬದಲಾಗುವ ಪದಗಳಿಗೆ ಅವು ಹೆಚ್ಚು ಉಪಯುಕ್ತ. ‘ಯಕ್ಷಗಾನ’ದ ಜತೆಗೆ `yakshagana`, `yakshagaana`, ‘ಶಿರಸಿ’ಯ ಜತೆಗೆ ‘ಸಿರ್ಸಿ’, `sirsi` ಹಾಕಿದರೆ ಸಾಕು.

ಬಾರದ ಪ್ರಸಿದ್ಧ ಭಾಗವತರ ಹೆಸರನ್ನು ಮಾತ್ರ ಸೇರಿಸಲೇಬಾರದು. ಅದು ನೋಡುಗರಿಗೆ ಮಾಡುವ ಮೋಸ. ದಾರಿತಪ್ಪಿಸುವ ಟ್ಯಾಗ್‌ಗಳನ್ನು ಯೂಟ್ಯೂಬಿನ ನಿಯಮವೂ ಒಪ್ಪುವುದಿಲ್ಲ, ವಿಡಿಯೊವನ್ನೇ ತೆಗೆದುಹಾಕಬಹುದು.