ತೆಗೀಲಾ, ಬಿಡ್ಲಾ?

ಬಟ್ಟೆ ಹೊದಿಸಿ ಕತ್ತಿನ ಹಿಂದೆ ಗಂಟು ಹಾಕಿದ ಮೇಲೆ ಕಟಿಂಗ್ ಶಾಪಿನಲ್ಲಿ ಕೂದಲಿನ ಬಗ್ಗೆ ನಡೆಯುವ ಮಾತು ಹೆಚ್ಚೆಂದರೆ ಒಂದು ನಿಮಿಷದ್ದು. ಶಾರ್ಟಾ, ಮೀಡಿಯಮ್ಮಾ? ಮಷೀನಾ, ಕತ್ರೀನಾ? ಸೈಡ್ ಎಷ್ಟು ಹೊಡೀಲಿ? ಮೇಲೆ ಎಷ್ಟು ಬಿಡ್ಲಿ? ಆಮೇಲೆ ರೇಡಿಯೊ ಇದೆ, ರಾಜಕೀಯ ಇದೆ, ಮಳೆ ಬೆಳೆ ಇದೆ. ಆದರೆ ಆ ಮೊದಲ ನಿಮಿಷದಲ್ಲಿ ಎಡವಟ್ಟಾದರೆ ಸರಿಪಡಿಸುವುದು ಯಾರ ಕೈಯಲ್ಲೂ ಇಲ್ಲ. ತಲೆಗೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್, ಕೆಲವರಿಗೆ ತುಸು ಹೆಚ್ಚು. ಒಂದು ಇಂಚು ಹೆಚ್ಚಿಗೆ ಹೋಯಿತೆಂದರೆ ಎರಡು ತಿಂಗಳಿಗೂ ಮೇಲೆ ಕಾಯಬೇಕು.

ಬೆಂಗಳೂರಿನಲ್ಲಿ ಈ ಮಾತು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ನಡೆಯುತ್ತದೆ. ಸೈಡ್, ಬ್ಯಾಕ್, ಟಾಪ್, ಶಾರ್ಟ್, ಸ್ಟೆಪ್ ಕಟ್, ಸಮ್ಮರ್ ಕಟ್, ಫೇಡ್: ಜಾಗದ ಹೆಸರು, ಅಳತೆಯ ಹೆಸರು, ಸ್ಟೈಲಿನ ಹೆಸರು ಬಹುಪಾಲು ಇಂಗ್ಲಿಷಿನವು. ಇಂಗ್ಲಿಷ್ ಓದದ ಕ್ಷೌರಿಕರಿಗೂ ಇವೆಲ್ಲ ಕೈಗೆ ಹತ್ತಿದ ಪದಗಳು. ಆದರೆ ಮಾಡಬೇಕಾದ ಕೆಲಸ ಕನ್ನಡದಲ್ಲಿರುತ್ತದೆ: ಬಿಡಿ, ತೆಗೀರಿ, ಹೊಡೀರಿ, ಇಳಿಸಿ, ಸಾಕು. ಊರಿಗೆ ಹೊಸದಾಗಿ ಬಂದವರು ಕುರ್ಚಿಯಲ್ಲಿ ಕೂತು ಹೆಸರುಗಳನ್ನೆಲ್ಲ ಸರಿಯಾಗಿ ಹೇಳುತ್ತಾರೆ. ಕೆಟ್ಟದ್ದು ಆಗುವುದು ಕ್ರಿಯಾಪದದ ಹತ್ತಿರ. ಅಲ್ಲಿ ಉಳಿಸು ಎಂಬುದಕ್ಕೂ ಕತ್ತರಿಸು ಎಂಬುದಕ್ಕೂ ಒಂದೇ ಮಾತಿನ ಅಂತರ.

ಒಂದು ಭಾನುವಾರ ನನ್ನ ಸರದಿಗೆ ಕಾಯುತ್ತಾ ಕೇಳಿಸಿಕೊಂಡ ಮಾತುಕತೆಯೊಂದನ್ನೇ ಬಿಡಿಸಿ ನೋಡೋಣ. ಕುರ್ಚಿಯಲ್ಲಿದ್ದವನು ಕೆಲಸಕ್ಕೆಂದು ಬೇರೆ ರಾಜ್ಯದಿಂದ ಬಂದ ಹುಡುಗ. ಇಂಗ್ಲಿಷ್ ಸರಾಗ, ಕನ್ನಡ ನಾಲ್ಕಾರು ಪದ. ಕತ್ತರಿ ಹಿಡಿದವರು ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

‘ಅಣ್ಣಾ, ಟ್ರಿಮ್. ಓನ್ಲಿ ಟ್ರಿಮ್,’ ಎಂದ ಹುಡುಗ. ಅವರ ಕೈ ಟ್ರಿಮ್ಮರ್ ಕಡೆ ಹೋಯಿತು. ಅದರಲ್ಲಿ ಅವರ ತಪ್ಪೇನಿಲ್ಲ. ಹೆಂಗಸರ ಪಾರ್ಲರಿನಲ್ಲಿ ಟ್ರಿಮ್ ಎಂದರೆ ತುದಿಯನ್ನಷ್ಟೇ ಸಮ ಮಾಡುವುದು. ಗಂಡಸರ ಶಾಪಿನಲ್ಲಿ ಆ ಪದ ಗಡ್ಡದ ಜೊತೆ ಬಂದದ್ದು, ಗಡ್ಡಕ್ಕೆ ಆಡಿಸುವುದು ಮಷೀನನ್ನೇ.

‘ನೋ, ನೋ. ಸಿಸರ್.’

‘ಕತ್ರೀನಾ? ಸರಿ. ಎಷ್ಟು ತೆಗೀಲಿ ಸಾರ್?’

‘ಕಮ್ಮಿ. ಕಮ್ಮಿ ಮಾಡಿ.’

ಕಡಿಮೆ ಕತ್ತರಿಸಿ ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಆದರೆ ಅವನು ಹೇಳಿದ್ದು ಕೂದಲನ್ನು ಕಡಿಮೆ ಮಾಡಿ ಎಂದು, ಅಂದರೆ ಚೆನ್ನಾಗಿ ಕತ್ತರಿಸಿ ಎಂದು. ‘ಕಮ್ಮಿ ತೆಗೀರಿ’ ಎಂದಿದ್ದರೆ ತೀರಾ ಬೇರೆ ಮಾತಾಗುತ್ತಿತ್ತು.

‘ಫುಲ್ ಶಾರ್ಟಾ?’ ಅವರು ಕನ್ನಡಿಯಲ್ಲಿ ಅವನ ಮುಖ ನೋಡಿದರು.

‘ನೋ, ನೋ. ಟೂ ಇಂಚ್.’

‘ಟೂ ಇಂಚ್ ತೆಗೀಲಾ, ಬಿಡ್ಲಾ?’

ಹುಡುಗ ಸುಮ್ಮನಾದ. ಅವನ ನೆತ್ತಿಯ ಕೂದಲು ಕಣ್ಣಂದಾಜಿಗೆ ಮೂರೂವರೆ ಇಂಚಿತ್ತು. ಎರಡು ಇಂಚು ತೆಗೆದರೆ ಒಂದೂವರೆ ಉಳಿಯುತ್ತದೆ. ಎರಡು ಇಂಚು ಬಿಟ್ಟರೆ ಒಂದೂವರೆ ಹೋಗುತ್ತದೆ. ಆಮೇಲೆ ತಿಳಿದಂತೆ ಅವನಿಗೆ ಬೇಕಿದ್ದದ್ದು ಎರಡೂ ಅಲ್ಲ. ತಲೆಗೂದಲಿನ ಮೇಲೆ ಇಂಚಿನ ಅಂದಾಜು ಇರುವ ಗಿರಾಕಿ ಅಪರೂಪ. ಕಣ್ಣಿಗೆ ಬೀಳುವುದು ಹಣೆಯ ಮೇಲಿನ ಒಂದು ಎಳೆ ಮಾತ್ರ, ಬಾಯಿಗೆ ಬರುವುದು ಕೇಳಿ ಗೊತ್ತಿರುವ ಸಂಖ್ಯೆ.

ಅವರು ವಾದಕ್ಕೆ ಹೋಗಲಿಲ್ಲ, ಕತ್ತರಿಯನ್ನೂ ಆಡಿಸಲಿಲ್ಲ. ಹಣೆಯ ಮೇಲಿನ ಕೂದಲನ್ನು ಬಾಚಿ ಎತ್ತಿ, ತೋರುಬೆರಳು ಮತ್ತು ನಡುಬೆರಳ ಸಂದಿಯಲ್ಲಿ ಹಿಡಿದರು. ‘ಇದು ಹೋಗುತ್ತೆ,’ ಎಂದು ಬೆರಳಿನಿಂದ ಮೇಲೆ ಚಾಚಿದ್ದನ್ನು ಕತ್ತರಿಯ ತುದಿಯಿಂದ ಮುಟ್ಟಿ ತೋರಿಸಿದರು. ‘ಇದು ಇರುತ್ತೆ,’ ಎಂದು ಬೆರಳಿನ ಕೆಳಗಿನದನ್ನು ತೋರಿಸಿದರು. ಹುಡುಗ ಗಾಬರಿಯಾಗಿ ‘ಅಪ್, ಅಪ್’ ಎಂದ. ಬೆರಳು ಮೇಲಕ್ಕೆ ಸರಿಯಿತು. ‘ಇಷ್ಟಾ?’ ಇನ್ನೂ ಸ್ವಲ್ಪ. ‘ಇಷ್ಟು?’ ‘ಸಾಕು, ಸಾಕು.’ ನಂತರ ಅವರು ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು: ‘ಕಟಿಂಗ್ ಮಾಡ್ಸಿ ಎಷ್ಟು ದಿನ ಆಯ್ತು?’ ಅದು ಹುಡುಗನಿಗೆ ಅರ್ಥವಾಗಲಿಲ್ಲ. ಕಾಯುತ್ತಿದ್ದ ಇನ್ನೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು. ಆರು ವಾರ. ‘ಹಂಗಾದ್ರೆ ಅರ್ಧ ಇಂಚು,’ ಎಂದರು ಅವರು, ಬೆರಳು ಕದಲಿಸದೆ.

ಆರು ವಾರದಲ್ಲಿ ಕೂದಲು ಬೆಳೆದಿರುವುದು ಸುಮಾರು ಒಂದೂವರೆ ಸೆಂಟಿಮೀಟರ್, ಅಂದರೆ ಅರ್ಧ ಇಂಚಿಗೆ ತುಸು ಹೆಚ್ಚು. ಹೋದ ಸಲದ ಕಟಿಂಗ್ ಇಷ್ಟವಾಗಿದ್ದರೆ ಅದಕ್ಕೆ ವಾಪಸ್ ಹೋಗಲು ತೆಗೆಯಬೇಕಾದದ್ದೂ ಅಷ್ಟೇ. ಹೊಸ ಶಾಪಿನಲ್ಲಿ ‘ಹೋದ ಸಲ ಹೆಂಗಿತ್ತೋ ಹಂಗೆ’ ಎನ್ನುವುದಕ್ಕೆ ಅರ್ಥವಿಲ್ಲ, ಅವರು ಆ ತಲೆಯನ್ನು ನೋಡಿಯೇ ಇಲ್ಲ. ‘ಕಟಿಂಗ್ ಆಗಿ ಆರು ವಾರ, ಬೆಳೆದಿರೋದು ಮಾತ್ರ ತೆಗೀರಿ’ ಎಂದರೆ ಅವರ ಕೈಗೆ ಅಳತೆ ಸಿಗುತ್ತದೆ. ಕನ್ನಡ ಬಾರದವರು ಈ ಒಂದು ವಾಕ್ಯವನ್ನು ಕಲಿತುಕೊಂಡರೆ ಮಿಕ್ಕದ್ದನ್ನು ಬೆರಳು ಹೇಳುತ್ತದೆ.

ಕಿವಿಯ ಮೇಲಿನ ಮತ್ತು ಹಿಂದಿನ ಕೂದಲಿಗೆ ಮಷೀನು ಬಂದಾಗ ಬೇರೆ ತೊಡಕು. ‘ಸೈಡ್ ನಂಬರ್ ಟೂ’ ಎನ್ನುವುದು ಈಗ ಕಾಲೇಜು ಹುಡುಗರ ಬಾಯಲ್ಲೂ ಇದೆ. ಕೂದಲು ಕತ್ತರಿಸುವ ದೊಡ್ಡ ಮಷೀನಿನ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬಾಚಣಿಗೆಗಳ ಮೇಲೆ ಸಂಖ್ಯೆ ಇರುತ್ತದೆ. ಒಂದೊಂದು ಸಂಖ್ಯೆ ಏರಿದಾಗಲೂ ಉಳಿಯುವ ಉದ್ದ ಇಂಚಿನ ಎಂಟನೇ ಒಂದು ಭಾಗದಷ್ಟು, ಅಂದರೆ 3 ಮಿಲಿಮೀಟರಿನಷ್ಟು ಹೆಚ್ಚುತ್ತದೆ. ಆ ಲೆಕ್ಕಕ್ಕೆ ನಂಬರ್ ಎರಡು ಎಂದರೆ 6 ಮಿಲಿಮೀಟರ್, ನಾಲ್ಕು ಎಂದರೆ ಸುಮಾರು 13, ಎಂಟು ಎಂದರೆ 25. ಗಡ್ಡದ ಟ್ರಿಮ್ಮರಿನಲ್ಲೂ ತಿರುಗಿಸುವ ಚಕ್ರದ ಮೇಲೆ ಎರಡು ಎಂದಿರುತ್ತದೆ, ಆದರೆ ಅಲ್ಲಿ ಅದು ಸಾಮಾನ್ಯವಾಗಿ ಎರಡೇ ಮಿಲಿಮೀಟರ್. ಶಾಪಿನಲ್ಲಿ ಎರಡೂ ಮಷೀನುಗಳಿರುತ್ತವೆ. ಗಿರಾಕಿ ಮೊದಲನೆಯದರ ಎರಡನ್ನು ಹೇಳಿ, ಕೈ ಎರಡನೆಯದಕ್ಕೆ ಹೋದರೆ, ಕಿವಿಯ ಮೇಲೆ ತಲೆಯ ಚರ್ಮ ಕಾಣುತ್ತದೆ. ಇಂಗ್ಲಿಷೂ ಸರಿ, ಕನ್ನಡವೂ ಸರಿ, ಸಂಖ್ಯೆಯೂ ಸರಿ, ತಲೆ ಮಾತ್ರ ಹೋಯಿತು.

ಅದಕ್ಕೆ ಅನುಭವಸ್ಥರು ಸಂಖ್ಯೆಯನ್ನು ನಂಬುವುದಿಲ್ಲ. ನಾಲ್ಕು ಹಾಕಿ ಕಿವಿಯ ಹಿಂದೆ ಕೆಳಗಡೆ ಒಂದು ಪಟ್ಟಿ ಎಳೆದು, ‘ಇಷ್ಟಿರ್ಲಾ, ಇನ್ನೂ ಇಳಿಸ್ಲಾ?’ ಎಂದು ಕೇಳುತ್ತಾರೆ. ಹಾಗೆ ಕೇಳದಿದ್ದರೆ ನಾವೇ ‘ಮೊದ್ಲು ನಾಕು ಹಾಕಿ, ಆಮೇಲೆ ನೋಡೋಣ’ ಎನ್ನಬಹುದು. ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಯಲು ಎರಡು ನಿಮಿಷ ಹೆಚ್ಚು ಬೇಕಾದೀತು, ಅಷ್ಟೇ.

ಹುಡುಗನ ವಿಷಯಕ್ಕೆ ಮರಳೋಣ. ಸೈಡ್ ಮುಗಿಸಿ ನೆತ್ತಿಗೆ ಬಂದಾಗ ಅವರು ನೀರು ಸಿಂಪಡಿಸಿದರು. ಕೂದಲು ಮೆತ್ತಗಾಗಿ ಇಳಿಬಿದ್ದು ಹುಬ್ಬು ಮುಟ್ಟಿತು. ಹುಡುಗ ಅದನ್ನು ನೋಡಿ ‘ಸ್ಟಿಲ್ ಲಾಂಗ್, ತೆಗೀರಿ’ ಎಂದ. ‘ಒಣಗ್ಲಿ, ಮೇಲೆ ಹೋಗುತ್ತೆ,’ ಎಂದರು ಅವರು. ಒದ್ದೆಯಾದಾಗ ಕೂದಲಿನ ಒಳಗೆ ಅದರ ಆಕಾರ ಹಿಡಿದಿರುವ ಬಂಧಗಳು ಸಡಿಲವಾಗುತ್ತವೆ, ಬಾಚಣಿಗೆ ಎಳೆದರೆ ಹಿಗ್ಗುತ್ತದೆ. ಒಣಗುತ್ತಾ ಬಂಧ ಮರಳಿ ಕೂಡಿಕೊಂಡು ಅಲೆಯೂ ಗುಂಗುರೂ ಹಿಂದಿರುಗುತ್ತವೆ. ನೇರ ಕೂದಲಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ; ಗುಂಗುರು ಕೂದಲು ಒದ್ದೆಯಲ್ಲಿ ಹುಬ್ಬು ಮುಟ್ಟಿದರೆ ಒಣಗಿದ ಮೇಲೆ ಹಣೆಯ ನಡುವೆಯೇ ನಿಂತುಬಿಡಬಹುದು. ಆದ್ದರಿಂದ ‘ಇನ್ನೂ ತೆಗೀರಿ’ ಎಂಬ ಮಾತನ್ನು ಟವೆಲಿನಿಂದ ಒರೆಸುವವರೆಗೆ ತಡೆದುಕೊಳ್ಳುವುದು ಒಳ್ಳೆಯದು.

ಸುಳಿಯ ಹತ್ತಿರವೂ ಅವರು ಕೂದಲನ್ನು ತುಸು ಉದ್ದ ಬಿಟ್ಟರು. ನೆತ್ತಿಯ ಹಿಂದೆ ಕೂದಲು ಸುತ್ತಿಕೊಂಡು ಹುಟ್ಟುವ ಆ ಜಾಗದಲ್ಲಿ ಮಲಗಿರಲು ಅದಕ್ಕೆ ತನ್ನದೇ ಭಾರ ಬೇಕು. ಮಿಕ್ಕ ಕಡೆಯ ಅಳತೆಗೇ ಕತ್ತರಿಸಿದರೆ ನೆಟ್ಟಗೆ ಎದ್ದು ನಿಲ್ಲುತ್ತದೆ, ಎಣ್ಣೆಗೂ ಜಗ್ಗುವುದಿಲ್ಲ. ಗೊತ್ತಿಲ್ಲದ ಗಿರಾಕಿಗೆ ಇದು ಮರೆತುಬಿಟ್ಟ ಜಾಗದಂತೆ ಕಾಣುತ್ತದೆ. ಅವನು ಬೆರಳಿಟ್ಟು ‘ಹಿಯರ್ ಆಲ್ಸೋ’ ಎಂದರೆ, ಸುಳಿ ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಲಾಗದ ಕ್ಷೌರಿಕ ಗಿರಾಕಿಯ ಮಾತು ಮೀರಲಾರದೆ ಕತ್ತರಿಸಿಬಿಡುತ್ತಾರೆ. ಕೆಲಸ ಬಲ್ಲವರು ಭಾಷೆ ಇಲ್ಲದ್ದಕ್ಕೆ ಮಣಿಯಬೇಕಾಗುವುದು ನನಗೆ ಬೇಸರ ತರುವ ಸಂಗತಿ. ‘ಸುಳಿ’ ಎಂಬ ಒಂದು ಪದ ಗಿರಾಕಿಗೆ ತಿಳಿದಿದ್ದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಕತ್ತರಿ ಆಡುತ್ತಿರುವಾಗಿನ ಮಾತಿನಲ್ಲಿ ‘ಓಕೆ’ಯಷ್ಟು ಮೋಸದ ಪದ ಇನ್ನೊಂದಿಲ್ಲ. ಇಷ್ಟಕ್ಕೆ ನಿಲ್ಲಿಸಿ ಎಂದುಕೊಂಡು ಗಿರಾಕಿ ‘ಓಕೆ ಓಕೆ’ ಎನ್ನುತ್ತಾನೆ; ಸರಿಯಾಗಿದೆ, ಮುಂದುವರಿಸಿ ಎಂದು ಅದು ಕೇಳಿಸುತ್ತದೆ. ತಲೆಯಾಡಿಸುವುದಂತೂ ಬೇಡವೇ ಬೇಡ, ಅಲ್ಲಿ ಬ್ಲೇಡಿದೆ. ನಿಲ್ಲಿಸಲು ‘ಸಾಕು’ ಎನ್ನಬೇಕು. ಅದಕ್ಕೆ ಇನ್ನೊಂದು ಅರ್ಥ ಹುಟ್ಟುವುದಿಲ್ಲ, ಮಷೀನಿನ ಸದ್ದಿನಲ್ಲೂ ಕೇಳುತ್ತದೆ.

ಇದೇ ಕಷ್ಟ ತಿರುಗುಮುರುಗಾಗಿ ವಿದೇಶಕ್ಕೆ ಹೋದ ಕನ್ನಡಿಗರಿಗೂ ಇದೆ. ಊರಿನಲ್ಲಿ ‘ಮೀಡಿಯಂ’ ಎಂದು ಕೂತು ಅಭ್ಯಾಸವಾದವರನ್ನು ಅಮೆರಿಕದ ಬಾರ್ಬರ್ ಸೈಡಿಗೆ ಯಾವ ನಂಬರ್ ಎಂದು ಕೇಳುತ್ತಾನೆ. ಹಿಂದೆ ಕತ್ತಿನ ಅಂಚು ಚೌಕವಾಗಿ ನಿಲ್ಲಬೇಕೋ, ಇಳಿಯುತ್ತಾ ಚರ್ಮದಲ್ಲಿ ಕರಗಬೇಕೋ ಎಂದೂ ಕೇಳುತ್ತಾನೆ. ಇಂಗ್ಲಿಷ್ ಬಂದರೂ ಉತ್ತರ ಬರುವುದಿಲ್ಲ, ಏಕೆಂದರೆ ಇಲ್ಲಿ ಅದನ್ನೆಲ್ಲ ಪರಿಚಯದ ಕ್ಷೌರಿಕರೇ ತೀರ್ಮಾನಿಸುತ್ತಿದ್ದರು. ಚೌಕದ ಅಂಚು ಮೊದಲ ದಿನ ಅಚ್ಚುಕಟ್ಟು, ಆದರೆ ವಾರ ಎರಡು ವಾರದೊಳಗೆ ಅದರ ಕೆಳಗೆ ಮೊಳಕೆ ಕಾಣುತ್ತದೆ. ಕರಗಿಸಿದ ಅಂಚು ಹೆಚ್ಚು ದಿನ ತಡೆಯುತ್ತದೆ.

ಈಗ ಹಲವರು ಫೋನ್ ತೆಗೆದು ನಟನೊಬ್ಬನ ಫೋಟೊ ತೋರಿಸುತ್ತಾರೆ. ಅದರಿಂದ ಸ್ಟೈಲ್ ತಿಳಿಯುತ್ತದೆ, ಎಷ್ಟು ತೆಗೆಯಬೇಕೆಂಬುದು ತಿಳಿಯುವುದಿಲ್ಲ. ಅವನ ಹಣೆ, ಅವನ ಕೂದಲಿನ ದಟ್ಟಣೆ, ಅವನ ಸುಳಿ ಬೇರೆ. ಕಟಿಂಗ್ ಚೆನ್ನಾಗಿ ಬಂದ ದಿನ ನಮ್ಮದೇ ತಲೆಯ ಮುಂದಿನದು, ಪಕ್ಕದ್ದು, ಹಿಂದಿನದು ಎಂದು ಮೂರು ಫೋಟೊ ತೆಗೆದುಕೊಂಡು, ಎದ್ದೇಳುವ ಮೊದಲು ‘ಸೈಡಿಗೆ ಯಾವ ನಂಬರ್ ಹಾಕಿದ್ರಿ, ಮೇಲೆ ಎಷ್ಟು ಬಿಟ್ರಿ?’ ಎಂದು ಕೇಳಿ ಬರೆದಿಟ್ಟುಕೊಂಡರೆ, ಮುಂದಿನ ಸಲ ಯಾವ ಊರಿನ ಕುರ್ಚಿಯಲ್ಲಿ ಕೂತರೂ ತೋರಿಸಬಹುದು. ಭಾನುವಾರ ಮಾತ್ರ ಇದಕ್ಕೆ ಬೇಡ. ಬೆಂಚಿನ ತುಂಬ ಜನ ಕೂತಿರುವಾಗ ಬೆರಳಿಟ್ಟು ಅಳೆದು ತೋರಿಸಲು ಅವರಿಗೂ ಪುರಸೊತ್ತಿರುವುದಿಲ್ಲ. ನಮ್ಮ ಕಡೆ ಬಹುತೇಕ ಶಾಪುಗಳಿಗೆ ಮಂಗಳವಾರ ರಜೆ. ಬುಧವಾರ ಅಥವಾ ಗುರುವಾರ ಮಧ್ಯಾಹ್ನ ಹೋಗಿ.